ಅಪ್ಪೆಮಿಡಿ ಲೇಬಲ್: ಮೊಬೈಲಿನಲ್ಲಿ ಓದುವ ಬಾರ್‌ಕೋಡ್ ಅಂಗಡಿಯಲ್ಲಿ ಓದುತ್ತಿಲ್ಲ

ಮಿಡಿಮನೆ, ಸಾಗರ: 250 ಗ್ರಾಂ ಉಪ್ಪಿನಕಾಯಿ ಬಾಟಲಿಗೆ 500 ಲೇಬಲ್ ಅಚ್ಚು ಹಾಕಿಸಿದ್ದೇನೆ. ಬಾರ್‌ಕೋಡ್ ನನ್ನ ಮೊಬೈಲಿನಲ್ಲಿ ಕೂಡಲೇ ಓದುತ್ತದೆ. ಆದರೆ ಅಂಗಡಿಯವರ ಯಂತ್ರ ಒಂದನ್ನೂ ಓದಲಿಲ್ಲವಾದ್ದರಿಂದ ಅವರು ಇಡೀ ಪೆಟ್ಟಿಗೆಯನ್ನು ಹಿಂದಿರುಗಿಸಿದರು. ಮೂರು ದಿನಗಳಿಂದ ಪರದಾಡುತ್ತಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಲಿಂಬೆಹುಳಿ: ಇದು ಬಾಟಲಿಯ ದುಂಡಿನ ದೋಷವೇ. ನನ್ನ 100 ಗ್ರಾಂ ಬಾಟಲಿಯ ಅಡ್ಡಳತೆ ನಾಲ್ಕೂವರೆ ಸೆಂ.ಮೀ.; ಕೋಡನ್ನು ತಿರುಗಿಸಿ, ಗೆರೆಗಳು ಏಣಿಯ ಮೆಟ್ಟಿಲುಗಳಂತೆ ಅಡ್ಡಲಾಗಿ ಬರುವಂತೆ ಮಾಡಿದ ಮೇಲೆ ಸರಿಹೋಯಿತು. ನೀವೂ ತಿರುಗಿಸಿ.

ಮಿಡಿಮನೆ, ಸಾಗರ: ಒಂದು ಲೇಬಲನ್ನು ಹಾಗೆಯೇ ತಿರುಗಿಸಿ ಅಂಟಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ನನ್ನ ಬಾಟಲಿಯ ಅಡ್ಡಳತೆ ಆರೂವರೆ ಸೆಂ.ಮೀ.

ಲಿಂಬೆಹುಳಿ: ಹಾಗಾದರೆ ಇನ್ನೂ ನೇರವಾಗಿ ಅಂಟಿಸಬೇಕು. ದುಂಡಲ್ಲದೆ ಬೇರೆ ಕಾರಣ ಇರಲಾರದು.

ಅಚ್ಚುಕೂಟ: ಲಿಂಬೆಹುಳಿಯವರ ಮಾತು ಸಣ್ಣ ಬಾಟಲಿಗೆ ಸರಿ, ಆದರೆ ಆರೂವರೆ ಸೆಂ.ಮೀ. ಬಾಟಲಿಯಲ್ಲಿ ಪೂರ್ಣ ಅಳತೆಯ ಕೋಡ್ ನೇರವಾಗಿ ನಿಂತರೂ ಓದಬೇಕು. ಮಿಡಿಮನೆಯವರೇ, ಗೆರೆಗಳ ಬಣ್ಣ ಯಾವುದು, ಕೋಡಿನ ಅಗಲ ಎಷ್ಟು?

ಮಿಡಿಮನೆ, ಸಾಗರ: ಹಳದಿ ನೆಲದ ಮೇಲೆ ಮೆಣಸಿನ ಕೆಂಪು. ಲೇಬಲ್ಲಿನ ಉಳಿದ ಅಕ್ಷರಗಳೂ ಅದೇ ಬಣ್ಣದವು. ಅಗಲ 30 ಮಿ.ಮೀ.

ಅಚ್ಚುಕೂಟ: ತೊಂದರೆ ಅಲ್ಲಿಯೇ ಇದೆ. ಅಂಗಡಿಯ ಯಂತ್ರಗಳಲ್ಲಿ ಹೆಚ್ಚಿನವು ಕೆಂಪು ಬೆಳಕಿನಿಂದ ಓದುತ್ತವೆ. ಆ ಬೆಳಕಿಗೆ ಕೆಂಪು ಗೆರೆಯೂ ಹಳದಿ ನೆಲವೂ ಎರಡೂ ಬಿಳಿಯಾಗಿಯೇ ತೋರುವುದರಿಂದ ಅದರ ಪಾಲಿಗೆ ನಿಮ್ಮ ಲೇಬಲ್ಲಿನಲ್ಲಿ ಗೆರೆಗಳೇ ಇಲ್ಲ. ಮೊಬೈಲಿನ ಕ್ಯಾಮೆರಾ ಬಣ್ಣಗಳನ್ನು ಬೇರ್ಪಡಿಸಿ ನೋಡಬಲ್ಲದಾದ್ದರಿಂದ ಅದು ಓದಿತು. ನೆಲ ಹಳದಿಯೇ ಇರಲಿ, ಗೆರೆಗಳನ್ನು ಮಾತ್ರ ಕಪ್ಪು ಮಾಡಿಸಿ. 30 ಮಿ.ಮೀ. ಎಂದರೆ ಅನುಮತಿಸಿದ ಕನಿಷ್ಠ ಅಳತೆ, ಅಂದರೆ ಶೇ. 80, ಅದರಲ್ಲಿ ಎರಡು ಬದಿಯ ಖಾಲಿ ಜಾಗವೂ ಸೇರಿದೆ. ಆ ಖಾಲಿ ಜಾಗದೊಳಕ್ಕೆ ಅಂಚಿನ ಬಳ್ಳಿಯ ಚಿತ್ರ ನುಗ್ಗಿದ್ದರೆ ಕಪ್ಪು ಗೆರೆಯೂ ಓದದು. ಸಾಧ್ಯವಾದರೆ 37 ಮಿ.ಮೀ.ಗೆ ಏರಿಸಿ.

ಮಿಡಿಮನೆ, ಸಾಗರ: ಬಳ್ಳಿ ತಾಗಿಕೊಂಡೇ ಇದೆ. ಆದರೆ ಏರಿಸಲು ಜಾಗವೆಲ್ಲಿ? ಪದಾರ್ಥಗಳ ಪಟ್ಟಿ, ಪೋಷಕಾಂಶಗಳ ಕೋಷ್ಟಕ, ಎಫ್‌ಎಸ್‌ಎಸ್‌ಎಐ ಸಂಖ್ಯೆ, ಬ್ಯಾಚ್, ದಿನಾಂಕ, ಬೆಲೆ ಎಲ್ಲವೂ ಆ ಬದಿಯಲ್ಲಿಯೇ ಇವೆ.

ಅಚ್ಚುಕೂಟ: ಕಡ್ಡಾಯ ಮಾಹಿತಿಯನ್ನು ಕುಗ್ಗಿಸಬೇಡಿ, ಬಳ್ಳಿಯನ್ನು ತೆಗೆಯಿರಿ. ಪಟ್ಟಿಯಲ್ಲಿ ಇಂಗು ಇದೆಯೇ? ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಡಬ್ಬಿಯ ಮೇಲೆ ಹಾಗಿದ್ದರೆ, ಅಲರ್ಜಿಯ ಸಾಲಿನಲ್ಲಿ ಗೋಧಿ ಇದೆ ಎಂದು ಬರೆಯಲೇಬೇಕು.

ಲಿಂಬೆಹುಳಿ: ಚಿಟಿಕೆ ಇಂಗಿಗೆ ಅಷ್ಟೆಲ್ಲ ಬೇಕೆಂದು ನನಗೆ ಅನ್ನಿಸುವುದಿಲ್ಲ. ನಾನು ಎಂದೂ ಬರೆದಿಲ್ಲ.

ಅಚ್ಚುಕೂಟ: ಗೋಧಿ ಒಗ್ಗದವರಿಗೆ ಚಿಟಿಕೆಯೂ ತೊಂದರೆ ಕೊಡಬಹುದು. ನೀವೂ ಬರೆಯಿರಿ.

ಮಿಡಿಮನೆ, ಸಾಗರ: ಡಬ್ಬಿ ನೋಡಿದೆ, ಗೋಧಿ ಹಿಟ್ಟು ಎಂದೇ ಇದೆ. ಸೇರಿಸುತ್ತೇನೆ. ಈಗಿರುವ 500 ಲೇಬಲ್‌ಗಳ ಕೋಡಿನ ಮೇಲೆ ಅದೇ ಸಂಖ್ಯೆಯ ಕಪ್ಪು ಗೆರೆಯ ಬಿಳಿ ಚೀಟಿ ಅಂಟಿಸಿ, ಎಣ್ಣೆ ತಗುಲಿದ ಕೈಯಲ್ಲಿ ಹಿಡಿದರೂ ಓದುತ್ತದೆಯೇ ಎಂದು ಸೋಮವಾರ ಅಂಗಡಿಯಲ್ಲಿಯೇ ಪರೀಕ್ಷಿಸಿ ತಿಳಿಸುತ್ತೇನೆ.