ಸಹಾಯ ಬೇಕು: ಅನಾಫೇಸ್ ಕಾರ್ಡ್ ಹೇಗೆ ಬರೆಯಲಿ?

ನಮಸ್ಕಾರ. ಫಸ್ಟ್ ಪಿಯುಸಿ ಓದುವ ತಂಗಿಗೆ ಮೈಟಾಸಿಸ್, ಮಿಯಾಸಿಸ್ ಕಾರ್ಡ್ ಮಾಡುತ್ತಿದ್ದೇನೆ. ಹಂತಗಳ ಹೆಸರು ಅವಳಿಗೆ ಬಾಯಿಪಾಠ ಬರುತ್ತೆ, ಅನಾಫೇಸ್ ಬಂದ ಕೂಡಲೇ ಎಲ್ಲ ಕಲಸಿಹೋಗುತ್ತೆ. ಕಾರ್ಡಿನ ಹಿಂದೆ ನಾನು ಸುಮ್ನೆ 'ಕ್ರೋಮೋಸೋಮ್ ಬೇರೆಯಾಗುತ್ತವೆ' ಅಂತ ಬರೆದಿದ್ದೆ. ಅದು ಮೂರೂ ಅನಾಫೇಸ್‌ಗೆ ಹೊಂದುತ್ತೆ, ಅಲ್ವಾ?

ಈಗ ಅವಳು ಲ್ಯಾಬಿನಲ್ಲಿ ನೋಡಿದ ಈರುಳ್ಳಿಯನ್ನೇ ಹಿಡಿದಿದ್ದೇನೆ, ಅದಕ್ಕೆ 16 ಕ್ರೋಮೋಸೋಮ್. ಬೇರಿನ ತುದಿಯ ಮೈಟಾಸಿಸ್‌ನಲ್ಲಿ ಸೆಂಟ್ರೋಮಿಯರ್ ಸೀಳಿ ಆ ಕಡೆ 16, ಈ ಕಡೆ 16 ಹೋಗುತ್ತವೆ. ಹೂವಿನ ಕೇಸರದಲ್ಲಿ ನಡೆಯುವ ಮಿಯಾಸಿಸ್‌ನ ಮೊದಲ ಅನಾಫೇಸ್‌ನಲ್ಲಿ ಅದು ಸೀಳುವುದಿಲ್ಲ, ಜೋಡಿಗಳು ಬಿಟ್ಟುಹೋಗಿ ಒಂದೊಂದು ಕಡೆಗೆ 8, ಒಂದೊಂದರಲ್ಲೂ ಇನ್ನೂ ಎರಡೆರಡು ಎಳೆ. ಎರಡನೆಯದರಲ್ಲಿ ಸೀಳುತ್ತೆ, ಒಂದೊಂದು ಕಡೆಗೆ 8 ಒಂಟಿ ಎಳೆ.

ನನ್ನ ತೊಂದರೆ ಈ ಎರಡನೆಯದೇ. ಚಿತ್ರ ಬರೆದರೆ ಥೇಟ್ ಮೈಟಾಸಿಸ್ ಥರ ಕಾಣುತ್ತೆ. ತಾಯಿಯ ಕಡೆಯದಕ್ಕೆ ಕೆಂಪು, ತಂದೆಯ ಕಡೆಯದಕ್ಕೆ ನೀಲಿ ಪೆನ್ ಬಳಸಿದ್ದೇನೆ, ಕ್ರಾಸಿಂಗ್ ಓವರ್ ಆದ ಎಳೆಯ ತುದಿಯ ಬಣ್ಣ ಬದಲಿಸಿ ತೋರಿಸಲೇ, ಇಲ್ಲ ಪಕ್ಕದ ಇನ್ನೊಂದು ಕೋಶವನ್ನೂ ಬರೆಯಲೇ? ಪಾಠ ಮಾಡುವವರು ಯಾರಾದರೂ ದಯವಿಟ್ಟು ಹೇಳಿ, ಸೋಮವಾರ ಅವಳಿಗೆ ಟೆಸ್ಟ್ ಇದೆ.