ಅಪ್‌ಡೇಟ್: ಇಎಂಐ ಅರ್ಧರ್ಧ ಕಟ್ಟಿದ್ರೆ ನಿಜಕ್ಕೂ ಎಷ್ಟು ಉಳಿಯುತ್ತೆ?

ನಾನು ಕೇಳಿದ್ದು: “ಗೃಹಸಾಲ 30 ಲಕ್ಷ, 8.5% ಫ್ಲೋಟಿಂಗ್, 20 ವರ್ಷ, ಇಎಂಐ 26,035. ತಿಂಗಳಿಗೆ ಎರಡು ಸಲ ಅರ್ಧರ್ಧ ಕಟ್ಟಿದ್ರೆ ಬಡ್ಡಿ ಎಷ್ಟು ಉಳಿಯುತ್ತೆ?”

ಲೆಕ್ಕ ಹಾಕಿದ್ಮೇಲೆ ಸ್ವಲ್ಪ ನಿರಾಸೆನೇ ಆಯ್ತು. ಅರ್ಧ ಕಂತು 15 ದಿನ ಮುಂಚೆ ಹೋದ್ರೆ ತಿಂಗಳಿಗೆ ಉಳಿಯೋದು ಬರೀ 46 ರೂಪಾಯಿ. ಅದರಿಂದ ಇಳಿಯೋ ಅಸಲಿನ ಮೇಲೆ ಉಳಿಯೋ ಬಡ್ಡಿಯನ್ನೂ ಸೇರಿಸಿದ್ರೆ 20 ವರ್ಷಕ್ಕೆ ಸುಮಾರು 29 ಸಾವಿರ, ಅವಧಿಯಲ್ಲಿ ಒಂದೇ ತಿಂಗಳು. ಅದೂ ಬ್ಯಾಂಕ್ ಆ ದಿನವೇ ಅಸಲಿಗೆ ಜಮಾ ಮಾಡಿಕೊಂಡ್ರೆ ಮಾತ್ರ! ನಾನು 15ನೇ ತಾರೀಕು ಹಾಕಿದ ದುಡ್ಡು ಮುಂದಿನ ಕಂತಿನ ಮುಂಗಡವಾಗಿ ಸುಮ್ನೆ ಕೂತಿತ್ತು. ಸ್ಟೇಟ್‌ಮೆಂಟಲ್ಲಿ ಅಸಲು ಬಾಕಿ ಅವತ್ತು ಇಳಿದಿರಲೇ ಇಲ್ಲ, ಗೊತ್ತಾಗಿದ್ದೇ ಹಾಗೆ.

ಜನ ಹೇಳೋ ದೊಡ್ಡ ಉಳಿತಾಯ ಎರಡು ವಾರಕ್ಕೊಮ್ಮೆ ಕಟ್ಟೋ ಪದ್ಧತಿಯದ್ದು. ವರ್ಷಕ್ಕೆ 26 ಅರ್ಧ ಅಂದ್ರೆ 13 ಇಎಂಐ, ಗುಟ್ಟು ಇರೋದು ಆ ಹದಿಮೂರನೇದ್ರಲ್ಲಿ.

ಹಾಗಾಗಿ “ಮಾಮೂಲಿ ಇಎಂಐ ಇರಲಿ, ವರ್ಷಕ್ಕೊಂದು ಹೆಚ್ಚುವರಿ ಕಂತು ಪಾರ್ಟ್ ಪೇಮೆಂಟ್ ಅಂತ ಕಟ್ಟಿ” ಅಂದವರ ಸಲಹೆನೇ ಗೆದ್ದಿತು. ದರ ಬದಲಾಗದಿದ್ರೆ ಸಾಲ ಸುಮಾರು 3 ವರ್ಷ 3 ತಿಂಗಳು ಮುಂಚೆ ತೀರುತ್ತೆ, ಬಡ್ಡಿ 6 ಲಕ್ಷಕ್ಕೂ ಹೆಚ್ಚು ಉಳಿಯುತ್ತೆ. ಅರ್ಜಿಯಲ್ಲಿ “ಇಎಂಐ ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ” ಅಂತ ಬರೆದುಕೊಡಿ. ಇಎಂಐ ಇಳಿಸಿಬಿಟ್ರೆ ಈ ಲಾಭದ ಬಹುಪಾಲು ಹೋಗುತ್ತೆ. ವೈಯಕ್ತಿಕ ಫ್ಲೋಟಿಂಗ್ ಗೃಹಸಾಲಕ್ಕೆ ಮುಂಗಡ ಪಾವತಿ ದಂಡ ಇಲ್ಲ.