ಸ್ಪಾಟ್‌ನಲ್ಲಿ ಹೇಳಿಕೊಂಡ ವಾಯ್ಸ್ ನೋಟ್, ಮನೆಯಲ್ಲಿ ಬರೆಯುವ ಸರ್ವೆ ರಿಪೋರ್ಟ್

ಪ್ರಶ್ನೆ (ಟ್ರೈನಿ ಸರ್ವೇಯರ್, ಚಿತ್ರದುರ್ಗ): ಇನ್ಶೂರೆನ್ಸ್ ಕ್ಲೇಮ್‌ಗಾಗಿ ಹೈವೇಯಲ್ಲಿ ಅಪಘಾತವಾದ ಲಾರಿಗಳ ಸ್ಪಾಟ್ ಸರ್ವೆಗೆ ಹೋಗುತ್ತೇನೆ. ನಿಂತು ಬರೆಯೋಕೆ ಆಗಲ್ಲ, ಫೋನಿಗೆ ಹೇಳಿಕೊಂಡು ಬರುತ್ತೇನೆ. ರಾತ್ರಿ ಕೂತರೆ ಎಲ್ಲಾ ಕಲಸುಮೇಲೋಗರ. ರಿಪೋರ್ಟ್ ಹೇಗೆ ಮಾಡಲಿ ಸರ್?

ಒಬ್ಬ ಸದಸ್ಯರು: ಫೋನಿನ ವಾಯ್ಸ್ ಟೈಪಿಂಗ್ ಹಾಕಿ. ತಾನೇ ಬರೆಯುತ್ತೆ. ಕಾಗುಣಿತ ತಿದ್ದಿದರೆ ಮುಗೀತು.

ಹಿರಿಯ ಸರ್ವೇಯರ್, ದಾವಣಗೆರೆ: ಟೈಪಿಂಗ್ ಶ್ರಮ ಉಳಿಯುತ್ತೆ, ನಿಜ. ಆದರೆ ನನ್ನ ಫೋನ್ ಎಷ್ಟೋ ಸಲ ‘ಅಂತೆ’ಯನ್ನು ‘ಅಂತ’ ಮಾಡಿದೆ. ನಮ್ಮ ಕೆಲಸದಲ್ಲಿ ಆ ಒಂದಕ್ಷರವೇ ಮುಖ್ಯ.

ಉದಾಹರಣೆಗೆ ನಿಮ್ಮ ನೋಟ್ ಹೀಗಿದೆ ಅಂದುಕೊಳ್ಳಿ: “ಮುಂದಿನ ಲಾರಿಗೆ ಗುದ್ದಿದೆ, ಡ್ರೈವರ್‌ಗೆ ನಿದ್ದೆ ಬಂದಿತ್ತಂತೆ, ಕ್ಲೀನರ್ ಹೇಳಿದ್ದು, ಎಡಗಡೆ ಕ್ಯಾಬಿನ್ ಒಳಗೆ ಹೋಗಿದೆ, ರೇಡಿಯೇಟರ್ ಸೋರ್ತಿದೆ, ಬಂಪರ್ ಮೊದಲೇ ವೆಲ್ಡಿಂಗ್ ಮಾಡಿಸಿದ್ದು ಅನ್ಸುತ್ತೆ.” ಮೊದಲು ಬರೆಯದೆ ಪೂರ್ತಿ ಕೇಳಿ. ಆಮೇಲೆ ಹಾಳೆಯಲ್ಲಿ ಮೂರು ಪಾಲು ಮಾಡಿ: ಕಂಡಿದ್ದು, ಕೇಳಿದ್ದು, ನನಗೆ ಅನ್ನಿಸಿದ್ದು. ಕ್ಯಾಬಿನ್, ರೇಡಿಯೇಟರ್ ಕಂಡಿದ್ದು. ನಿದ್ದೆ ಕೇಳಿದ್ದು. ಅದನ್ನು “ಡ್ರೈವರ್‌ಗೆ ನಿದ್ದೆ ಬಂದಿತ್ತು ಎಂದು ಕ್ಲೀನರ್ ತಿಳಿಸಿದರು” ಅಂತಲೇ ಬರೆಯಬೇಕು. ಬಂಪರ್ ವಿಷಯ ಅನ್ನಿಸಿದ್ದು. ಫೋಟೋದಲ್ಲಿ ಬಿರುಕಿನ ಅಂಚಿಗೆ ತುಕ್ಕು ಕಂಡರೆ ಆ ತುಕ್ಕನ್ನು ಬರೆಯಿರಿ, ಊಹೆ ಬೇಡ.

ಹೊಸದರಲ್ಲಿ ನಾನು ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯುವಾಗ ‘ಅಂತೆ’ ಬಿಟ್ಟುಹೋಗಿತ್ತು. ಕೇಳಿದ ಮಾತು ನಾನೇ ಕಂಡಂತೆ ಆಯಿತು. ಆ ಮಾಲೀಕರ ಕ್ಲೇಮ್ ತಿಂಗಳುಗಟ್ಟಲೆ ನಿಂತಿತು. ಇವತ್ತಿಗೂ ಬೇಜಾರಿದೆ.

ನೀವು ಹೇಳಿಕೊಂಡ ಕ್ರಮದಲ್ಲೇ ಬರೆಯಬೇಡಿ. ಗಾಡಿಯ ವಿವರ, ಜಾಗ ಮತ್ತು ಸಮಯ, ಅವರು ಹೇಳಿದ ಘಟನೆ, ಆಮೇಲೆ ಮುಂದಿನಿಂದ ಹಿಂದಕ್ಕೆ ಡ್ಯಾಮೇಜ್. ನಂಬರ್‌ಗಳನ್ನು ಮಾತ್ರ ಧ್ವನಿಯಿಂದ ತಗೋಬೇಡಿ. ಗಾಳಿಯಲ್ಲಿ ಇಪ್ಪತ್ತು, ಎಪ್ಪತ್ತು ಒಂದೇ ಥರ ಕೇಳುತ್ತೆ. ಚಾಸಿ ನಂಬರ್ ಫೋಟೋ ನೋಡಿ ಬರೆಯಿರಿ. ಅಕ್ಷರ, ಅಂಕಿ ಸೇರಿ 17 ಇರಬೇಕು, ಅದರಲ್ಲಿ I, O, Q ಬರಲ್ಲ. O ಕಂಡರೆ ಅದು ಸೊನ್ನೆ.

ಇನ್ನೊಬ್ಬ ಸದಸ್ಯರು: ನಮ್ಮ ಮಂಡಕ್ಕಿ ಭಟ್ಟಿಗೆ ಬೆಂಕಿ ಬಿದ್ದಾಗ ಪೊಲೀಸರು ಪಂಚನಾಮೆ ಬರೆದಿದ್ದರು. ಅದನ್ನೇ ಕಾಪಿ ಮಾಡಿದರೆ ಸಾಲದೇ?

ಹಿರಿಯ ಸರ್ವೇಯರ್: ಇಲ್ಲಣ್ಣ, ಅದು ಪೊಲೀಸರು ಪಂಚರ ಎದುರು ಬರೆದಿದ್ದು. ಜೊತೆಗೆ ಇಡಬಹುದು. ಸರ್ವೇಯರ್ ತಾನು ನೋಡಿದ್ದನ್ನೇ ಬರೆಯಬೇಕು.

ಕೇಳಿದವರು: ಸರ್, ನಾನು ನೋಟ್‌ನಲ್ಲಿ ಎಡ ಅನ್ನೋದು ಗಾಡಿ ಎದುರು ನಿಂತು. ಹಾಗಾದರೆ ಅದು ಬಲ ಅಲ್ವಾ?

ಹಿರಿಯ ಸರ್ವೇಯರ್: ಹೌದು, ಎಡ ಬಲ ಯಾವಾಗಲೂ ಡ್ರೈವರ್ ಸೀಟಲ್ಲಿ ಕೂತು ಮುಂದೆ ನೋಡಿದಂತೆ. ಮುಂದಿನ ಸಲ ಫೋನಿಗೆ ‘ಡ್ರೈವರ್ ಕಡೆ’, ‘ಕ್ಲೀನರ್ ಕಡೆ’ ಅಂತ ಹೇಳಿ. ಎಲ್ಲಿ ನಿಂತರೂ ತಪ್ಪಾಗಲ್ಲ.

ಮೊದಲ ಸದಸ್ಯರು: ರಿಪೋರ್ಟ್ ಕೊಟ್ಟ ಮೇಲೆ ಆಡಿಯೋ ಅಳಿಸಬಹುದಾ? ನಾನು ಅಳಿಸುತ್ತೇನೆ.

ಹಿರಿಯ ಸರ್ವೇಯರ್: ನಾನು ಕ್ಲೇಮ್ ಮುಗಿಯುವವರೆಗೂ ಇಡುತ್ತೇನೆ. ಅದರಲ್ಲಿ ನಮ್ಮ ಊಹೆಗಳೂ ಇರುತ್ತವೆ, ನಾಳೆ ಅದೇ ತೊಂದರೆ ಅನ್ನುವವರೂ ಇದ್ದಾರೆ. ಕೋರ್ಟ್ ಕೆಲಸ ಗೊತ್ತಿರುವವರು ಹೇಳಿ.